ಕೇಕ್ ತುಂಡು, ಐಸ್‌ಕ್ರೀಂ ಸ್ಕೂಪ್: ಗಾತ್ರ ಮತ್ತು ಬಗೆ ನೋಡಿ ಕ್ಯಾಲೊರಿ ಅಂದಾಜು ಮಾಡುವುದು ಹೇಗೆ? (ಪದೇ ಪದೇ ಕೇಳುವ ಪ್ರಶ್ನೆಗಳು)

ಒಂದು ಪೀಸ್ ಕೇಕ್‌ಗೆ ಎಷ್ಟು ಕ್ಯಾಲೊರಿ? ಒಂದೇ ಸಂಖ್ಯೆ ಹೇಳಬಹುದಲ್ಲ?

ಹೇಳಬಹುದು, ಆದರೆ ಆ ಸಂಖ್ಯೆ ನಿಮ್ಮ ತಟ್ಟೆಯಲ್ಲಿರುವ ಪೀಸಿಗೆ ಹೊಂದುವುದು ಅಪರೂಪ. ಒಂದೇ ಅಳತೆಗೆ ಕತ್ತರಿಸಿದ ಎರಡು ಪೀಸುಗಳಲ್ಲಿ ಒಂದು 240 ಕ್ಯಾಲೊರಿ, ಇನ್ನೊಂದು 540 ಕ್ಯಾಲೊರಿ ಇರಬಹುದು. ಇದರ ಲೆಕ್ಕ ಮುಂದೆ ಬರುತ್ತದೆ. (ಇಲ್ಲಿ ಕ್ಯಾಲೊರಿ ಅಂದರೆ ಪೊಟ್ಟಣಗಳ ಮೇಲೆ ಬರೆಯುವ ಕಿಲೋಕ್ಯಾಲೊರಿಯೇ.)

ಕಣ್ಣಿಗೆ ಕಾಣುವುದು ಗಾತ್ರ. ಕ್ಯಾಲೊರಿ ಇರುವುದು ತೂಕದಲ್ಲಿ. ಇವೆರಡರ ನಡುವೆ ಗಾಳಿ ಕೂತಿರುತ್ತದೆ. ಕೇಕ್ ಉಬ್ಬುವುದು, ಕ್ರೀಂ ನೊರೆಯಾಗುವುದು, ಐಸ್‌ಕ್ರೀಂ ಮೆತ್ತಗಾಗುವುದು, ಇವೆಲ್ಲ ಒಳಗೆ ಸೇರಿದ ಗಾಳಿಯಿಂದಲೇ. ಇನ್ನೊಂದು ವಿಷಯ ಕೊಬ್ಬು. ಸಕ್ಕರೆ ಮತ್ತು ಹಿಟ್ಟು ಗ್ರಾಂಗೆ 4 ಕ್ಯಾಲೊರಿ ಕೊಟ್ಟರೆ ಬೆಣ್ಣೆ, ಎಣ್ಣೆಗಳ ಕೊಬ್ಬು 9 ಕೊಡುತ್ತದೆ. ಹಾಗಾಗಿ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಅಂದಾಜು ಸಿಗುತ್ತದೆ: ಎಷ್ಟು ದೊಡ್ಡದು, ಎಷ್ಟು ಗಾಳಿ, ಎಷ್ಟು ಕೊಬ್ಬು.

ತೂಕದ ಯಂತ್ರ ಇಲ್ಲದಿದ್ದಾಗ ಕೇಕ್ ತುಂಡಿನ ಗಾತ್ರ ಅಳೆಯುವುದು ಹೇಗೆ?

ದುಂಡು ಕೇಕಿನಿಂದ ಕತ್ತರಿಸಿದ ಪೀಸು ಮೇಲಿನಿಂದ ನೋಡಿದರೆ ತ್ರಿಕೋನ. ತುದಿಯಿಂದ ಹಿಂಬದಿಯವರೆಗಿನ ಉದ್ದವನ್ನು ಹಿಂಬದಿಯ ಅಗಲದಿಂದ ಗುಣಿಸಿ ಅರ್ಧ ಮಾಡಿ, ಆಮೇಲೆ ಎತ್ತರದಿಂದ ಗುಣಿಸಿ. ಎಲ್ಲ ಅಳತೆಯೂ ಸೆಂಟಿಮೀಟರಿನಲ್ಲಿದ್ದರೆ ಉತ್ತರ ಮಿಲಿಲೀಟರಿನಲ್ಲಿ ಬರುತ್ತದೆ. ಉದ್ದ 10, ಅಗಲ 5.2, ಎತ್ತರ 8 ಸೆಂ.ಮೀ. ಇದ್ದರೆ ಸುಮಾರು 210 ಮಿ.ಲೀ. ಆಯಿತು.

ಇಡೀ ಕೇಕ್ ಕಣ್ಣೆದುರಿಗಿದ್ದರೆ ಇನ್ನೂ ಸುಲಭ. 20 ಸೆಂ.ಮೀ. ಅಡ್ಡಳತೆ, 8 ಸೆಂ.ಮೀ. ಎತ್ತರದ ಕೇಕಿನ ಒಟ್ಟು ಗಾತ್ರ ಸುಮಾರು 2,500 ಮಿ.ಲೀ. ಅದನ್ನು 12 ಭಾಗ ಮಾಡಿದರೆ ತಲಾ 210, 8 ಭಾಗ ಮಾಡಿದರೆ ತಲಾ 315 ಮಿ.ಲೀ.

ಜೇಬಿನಲ್ಲಿ ಸ್ಕೇಲು ಇರುವುದಿಲ್ಲ, ನಿಜ. ಬ್ಯಾಂಕ್ ಕಾರ್ಡ್ ಇರುತ್ತದೆ. ಅದರ ಉದ್ದ 8.5 ಸೆಂ.ಮೀ., ಅಗಲ 5.4 ಸೆಂ.ಮೀ. ನಿಮ್ಮ ತೋರುಬೆರಳಿನ ಅಗಲ ಮತ್ತು ಹೆಬ್ಬೆರಳಿನ ಮೇಲಿನ ಗೆಣ್ಣಿನ ಉದ್ದವನ್ನು ಒಮ್ಮೆ ಅಳೆದು ನೆನಪಿಟ್ಟುಕೊಂಡರೆ ಅದೂ ಬೇಕಿಲ್ಲ.

ಹೆಚ್ಚಿನವರು ತಪ್ಪುವುದು ಎತ್ತರದಲ್ಲಿ. ಕುಳಿತು ಮೇಲಿನಿಂದ ನೋಡುವಾಗ, ಅಥವಾ ಮೇಲಿನಿಂದ ತೆಗೆದ ಫೋಟೊದಲ್ಲಿ, ಎತ್ತರ ಕುಗ್ಗಿ ಕಾಣುತ್ತದೆ. 5 ಸೆಂ.ಮೀ. ಎತ್ತರದ ಪೀಸು, 8 ಸೆಂ.ಮೀ. ಎತ್ತರದ ಪೀಸು ಎರಡೂ ತಟ್ಟೆಯ ಮೇಲೆ ಒಂದೇ ತ್ರಿಕೋನದಂತೆ ಕಾಣುತ್ತವೆ, ಆದರೆ ಎರಡನೆಯದರಲ್ಲಿ ಶೇ. 60 ಹೆಚ್ಚು ಕೇಕಿದೆ. ಒಮ್ಮೆ ಬಗ್ಗಿ ಪಕ್ಕದಿಂದ ನೋಡಿ.

ಗಾತ್ರ ಸಿಕ್ಕಿತು. ಅದರಿಂದ ಕ್ಯಾಲೊರಿ ಹೇಗೆ ಬರುತ್ತದೆ?

ಕೇಕ್ ಭಾಗ, ಕ್ರೀಂ ಭಾಗ ಎರಡನ್ನೂ ಬೇರೆ ಬೇರೆ ಎಣಿಸಬೇಕು. ಸರಿಯಾದ ಅಂದಾಜು ನಿಂತಿರುವುದೇ ಈ ಹಂತದ ಮೇಲೆ. ಮೇಲಿನ 20 ಸೆಂ.ಮೀ. ಕೇಕನ್ನೇ ತೆಗೆದುಕೊಳ್ಳೋಣ.

ಒಳಗೆ ತಲಾ 2 ಸೆಂ.ಮೀ. ದಪ್ಪದ ಮೂರು ಕೇಕ್ ಪದರ. ಅವುಗಳ ನಡುವೆ ಅರ್ಧ ಅರ್ಧ ಸೆಂ.ಮೀ.ನ ಎರಡು ಕ್ರೀಂ ಪದರ. ಮೇಲೆ 1 ಸೆಂ.ಮೀ., ಸುತ್ತ ಬದಿಗೆ 1 ಸೆಂ.ಮೀ. ಕ್ರೀಂ. ನೋಡಿದರೆ ಮುಕ್ಕಾಲು ಪಾಲು ಕೇಕೇ ಅನಿಸುತ್ತದೆ. ಲೆಕ್ಕ ಬೇರೆ ಹೇಳುತ್ತದೆ. ಬದಿಯ ಕ್ರೀಂ ತೆಗೆದರೆ ಒಳಗಿನ ಕೇಕಿನ ಅಡ್ಡಳತೆ 18 ಸೆಂ.ಮೀ. ಮಾತ್ರ, ಮೂರು ಪದರ ಸೇರಿ ಎತ್ತರ 6 ಸೆಂ.ಮೀ. ಅಂದರೆ 2,500ರಲ್ಲಿ ಸುಮಾರು 1,525 ಮಿ.ಲೀ. ಮಾತ್ರ ಕೇಕು, ಮಿಕ್ಕ 985 ಮಿ.ಲೀ. ಕ್ರೀಂ. ಹನ್ನೆರಡರಲ್ಲಿ ಒಂದು ಪೀಸಿಗೆ ಕೇಕು 127 ಮಿ.ಲೀ., ಕ್ರೀಂ 82 ಮಿ.ಲೀ. ದುಂಡು ಕೇಕಿನ ಹೊರ ಅಂಚಿನಲ್ಲೇ ಹೆಚ್ಚು ಜಾಗ ಇರುವುದರಿಂದ ಬದಿಯ ಆ ಒಂದು ಸೆಂಟಿಮೀಟರ್ ಅಷ್ಟೊಂದು ಹಿಡಿಯುತ್ತದೆ.

ಈಗ ಪ್ರತಿ ಮಿ.ಲೀ.ಗೆ ಕ್ಯಾಲೊರಿ. ಮೊಟ್ಟೆಯ ನೊರೆಯಿಂದ ಉಬ್ಬಿಸಿದ, ಬೆಣ್ಣೆ ಕಡಿಮೆಯಿರುವ ಹಗುರ ಸ್ಪಂಜ್‌ಗೆ 0.9. ಬೆಣ್ಣೆ ಅಥವಾ ಎಣ್ಣೆ ಧಾರಾಳವಾಗಿರುವ ಕೇಕ್‌ಗೆ 1.7. ವಿಪ್ ಮಾಡಿದ ಹಾಲಿನ ಕ್ರೀಂಗೆ 1.5. ಬೆಣ್ಣೆಯನ್ನು ಪುಡಿ ಸಕ್ಕರೆಯ ಜೊತೆ ಕಡೆದ ಬಟರ್‌ಕ್ರೀಂಗೆ 3.9.

ಸ್ಪಂಜ್ ಮತ್ತು ವಿಪ್ ಮಾಡಿದ ಕ್ರೀಂ ಆದರೆ: 127 × 0.9 = 114, 82 × 1.5 = 123. ಒಟ್ಟು ಸುಮಾರು 240.

ಬೆಣ್ಣೆ ಕೇಕ್ ಮತ್ತು ಬಟರ್‌ಕ್ರೀಂ ಆದರೆ: 127 × 1.7 = 216, 82 × 3.9 = 320. ಒಟ್ಟು ಸುಮಾರು 540.

ಎರಡನೆಯದರಲ್ಲಿ ಕೇಕಿಗಿಂತ ಕ್ರೀಂನದೇ ಪಾಲು ಹೆಚ್ಚು ಎಂಬುದನ್ನು ಗಮನಿಸಿ. ಬದಿಯ ದಪ್ಪ ಬಟರ್‌ಕ್ರೀಂ ಪಟ್ಟಿಯನ್ನು ತಟ್ಟೆಯಲ್ಲಿ ಬಿಟ್ಟವರು ಸುಮಾರು 155 ಕ್ಯಾಲೊರಿ, ಅಂದರೆ ಇಡೀ ಪೀಸಿನ ಕಾಲುಭಾಗಕ್ಕಿಂತ ಹೆಚ್ಚು, ಬಿಟ್ಟಿರುತ್ತಾರೆ.

ಮೇಲಿರುವುದು ಬಟರ್‌ಕ್ರೀಂ ಹೌದೋ ಅಲ್ಲವೋ ಅಂತ ನೋಡಿ ಹೇಳಬಹುದೇ?

ಬಹುತೇಕ ಸಲ ಹೇಳಬಹುದು. ಫ್ರಿಜ್‌ನಿಂದ ತೆಗೆದ ಕೂಡಲೇ ಚಮಚದಿಂದ ಒತ್ತಿ ನೋಡಿ. ಬಟರ್‌ಕ್ರೀಂ ತಣ್ಣಗಿದ್ದಾಗ ಬೆಣ್ಣೆಯಂತೆಯೇ ಗಟ್ಟಿ, ತುಂಡಾಗಿ ಕಿತ್ತು ಬರುತ್ತದೆ. ವಿಪ್ ಮಾಡಿದ ಕ್ರೀಂ ತಣ್ಣಗಿದ್ದರೂ ಮೆತ್ತಗೆ ಒಳಗೆ ಹೋಗುತ್ತದೆ. ಬಾಯಲ್ಲಿ ಬಟರ್‌ಕ್ರೀಂ ನಿಧಾನವಾಗಿ ಕರಗಿ ನಾಲಿಗೆಗೆ ಜಿಡ್ಡು ಹಿಡಿಸುತ್ತದೆ. ಅದನ್ನು ಪೇಪರ್ ನ್ಯಾಪ್ಕಿನ್ ಮೇಲೆ ಇಟ್ಟರೆ ಸ್ವಲ್ಪ ಹೊತ್ತಿಗೆ ಎಣ್ಣೆಯ ಕಲೆ ಹರಡುತ್ತದೆ.

ಬೇಕರಿಗಳಲ್ಲಿ ಮೂರನೆಯ ಬಗೆಯೊಂದಿದೆ: ಸಸ್ಯಜನ್ಯ ಕೊಬ್ಬಿನ ವಿಪ್ಪಿಂಗ್ ಕ್ರೀಂ. ತುಂಬ ಬಿಳುಪು, ಹೂವಿನ ಅಂಚು ಚೂಪಾಗಿ ನಿಂತಿರುತ್ತದೆ, ಬಾಯಿಗಿಟ್ಟರೆ ನೊರೆಯಂತೆ ಮಾಯವಾಗುತ್ತದೆ. ಇದಕ್ಕೆ ಹಾಲಿನ ಕ್ರೀಂಗಿಂತ ಹೆಚ್ಚು ಗಾಳಿ ಹಿಡಿಯುವುದರಿಂದ ಮಿ.ಲೀ.ಗೆ ಸುಮಾರು 1 ಕ್ಯಾಲೊರಿ ಸಾಕು. ಮೇಲಿನ ಪೀಸು ಹೀಗಿದ್ದರೆ 200ರ ಹತ್ತಿರ ಬರುತ್ತದೆ. ಇದು ಕ್ಯಾಲೊರಿಯ ಮಾತು ಮಾತ್ರ. ಯಾವ ಬಗೆಯ ಕೊಬ್ಬು ಎಂಬುದು ಬೇರೆ ವಿಚಾರ, ಅದಕ್ಕೆ ಪೊಟ್ಟಣದ ಹಿಂಬದಿ ಓದಬೇಕು.

ಚಾಕೊಲೇಟ್ ಗನಾಶ್‌ನಲ್ಲಿ ಗಾಳಿಯೇ ಇಲ್ಲ. ಹೊಳೆಯುವ ಆ ತೆಳು ಪದರಕ್ಕೆ ಮಿ.ಲೀ.ಗೆ ಸುಮಾರು 4.8 ಹಿಡಿಯಿರಿ. 2 ಮಿ.ಮೀ. ದಪ್ಪ ಮಾತ್ರ ಸುರಿದಿದ್ದರೆ ಮೇಲ್ಭಾಗಕ್ಕೆ 25 ಕ್ಯಾಲೊರಿ ಅಷ್ಟೇ. ಎರಡು ಪದರಗಳ ನಡುವೆ 1 ಸೆಂ.ಮೀ. ದಪ್ಪ ತುಂಬಿದ್ದರೆ 120 ದಾಟುತ್ತದೆ. ಗೊಂಬೆ, ಹೂವು ಅಂಟಿಸುವ ಫಾಂಡಂಟ್ ಹೆಚ್ಚುಕಡಿಮೆ ಸಕ್ಕರೆಯೇ. 3 ಮಿ.ಮೀ. ಹಾಳೆ ಇದೇ ಪೀಸಿನ ಮೇಲೆ 40, ಹಿಂಬದಿಗೆ 65 ಸೇರಿಸುತ್ತದೆ. ಎತ್ತರದ ಕೇಕಿನಲ್ಲಿ ಮೇಲ್ಭಾಗಕ್ಕಿಂತ ಹಿಂಬದಿಯ ವಿಸ್ತಾರವೇ ಹೆಚ್ಚು. ಹಲವರು ಅದನ್ನು ಎಣಿಸುವುದನ್ನೇ ಮರೆಯುತ್ತಾರೆ.

ಚೌಕ ಕೇಕಿನಲ್ಲಿ ಮೂಲೆಯ ಪೀಸಿಗೂ ನಡುವಿನ ಪೀಸಿಗೂ ವ್ಯತ್ಯಾಸ ಇದೆಯೇ?

ಇದೆ. ನಡುವಿನ ಪೀಸಿಗೆ ಮೇಲೆ ಮಾತ್ರ ಕ್ರೀಂ, ಮೂಲೆಯದಕ್ಕೆ ಇನ್ನೆರಡು ಬದಿಗೂ. 6 ಸೆಂ.ಮೀ. ಚೌಕದ, 6 ಸೆಂ.ಮೀ. ಎತ್ತರದ ಪೀಸಿನಲ್ಲಿ 1 ಸೆಂ.ಮೀ. ಬಟರ್‌ಕ್ರೀಂ ಇದ್ದರೆ ಮೂಲೆಯ ಪೀಸಿನಲ್ಲಿ ಸುಮಾರು 120 ಕ್ಯಾಲೊರಿ ಹೆಚ್ಚು.

ನನ್ನ ಪೀಸು ಚಿಕ್ಕದು, ಆದರೆ ಭಾರವಾಗಿದೆ. ಚೀಸ್‌ಕೇಕ್, ಪೌಂಡ್ ಕೇಕ್‌ಗಳ ಲೆಕ್ಕ ಹೇಗೆ?

ಚೀಸ್‌ಕೇಕ್‌ನಲ್ಲಿ ಗಾಳಿ ಬಹಳ ಕಡಿಮೆ. 100 ಮಿ.ಲೀ. ಎಂದರೆ ಹೆಚ್ಚುಕಡಿಮೆ 100 ಗ್ರಾಂ. ಗ್ರಾಂಗೆ 3.2 ಕ್ಯಾಲೊರಿ. ಹಾಗಾಗಿ ಸ್ಪಂಜ್‌ಗಿಂತ ಚಿಕ್ಕದಾಗಿ ಕಾಣುವ 120 ಮಿ.ಲೀ. ಪೀಸಿನಲ್ಲಿ 380 ಕ್ಯಾಲೊರಿ ಇರುತ್ತದೆ. ಕ್ರೀಂ ಹಚ್ಚದ ಪೌಂಡ್ ಕೇಕ್‌ಗೆ ಮಿ.ಲೀ.ಗೆ 2.5 ಹಿಡಿಯಿರಿ, 9 × 7 ಸೆಂ.ಮೀ., ಒಂದೂವರೆ ಸೆಂ.ಮೀ. ದಪ್ಪದ ಹೋಳಿಗೆ ಸುಮಾರು 235.

ಸಕ್ಕರೆ ಪಾಕದಲ್ಲಿ ನೆನೆಸಿದ ಸ್ಪಂಜ್ ಕೂಡ ಭಾರವಾಗಿರುತ್ತದೆ, ಆದರೆ ಆ ಭಾರದಲ್ಲಿ ಅರ್ಧ ನೀರು. ಸಮ ಸಮ ಸಕ್ಕರೆ ಮತ್ತು ನೀರಿನ ಪಾಕ ಗ್ರಾಂಗೆ 2 ಕ್ಯಾಲೊರಿ. ಫೋರ್ಕಿನಿಂದ ಒತ್ತಿದರೆ ತೇವ ಜಿನುಗುವಂತಿದ್ದರೆ ಪೀಸಿಗೆ 40 ಸೇರಿಸಿ, ಸಾಕು. ತೂಕ ಮಾಡಿ ಅದನ್ನೇ ಗ್ರಾಂಗೆ 4ರಿಂದ ಗುಣಿಸುವವರು ಇಲ್ಲಿ ಹೆಚ್ಚಾಗಿ ಎಣಿಸಿಬಿಡುತ್ತಾರೆ.

ಮನೆಯಲ್ಲಿ ಮಾಡಿದ ಕೇಕ್‌ಗೆ ಇಷ್ಟೆಲ್ಲ ಅಂದಾಜು ಬೇಕೇ?

ಬೇಡ. ಹಾಕಿದ ಸಾಮಾನು ಗೊತ್ತಿದ್ದರೆ ಲೆಕ್ಕ ಖಚಿತವಾಗಿಯೇ ಸಿಗುತ್ತದೆ. ಬೆಣ್ಣೆ, ಸಕ್ಕರೆ, ಮೈದಾ, ಮೊಟ್ಟೆ ತಲಾ 250 ಗ್ರಾಂ ಹಾಕಿದ ಕೇಕ್ ಎಂದುಕೊಳ್ಳಿ. ಬೆಣ್ಣೆಯಿಂದ 1,790, ಸಕ್ಕರೆಯಿಂದ 970, ಮೈದಾದಿಂದ 910, ಚಿಪ್ಪು ತೆಗೆದ ಮೊಟ್ಟೆಯಿಂದ 360. ಒಟ್ಟು 4,030 ಕ್ಯಾಲೊರಿ. 15 ಸಮ ಹೋಳು ಮಾಡಿದರೆ ಒಂದಕ್ಕೆ 270.

ಇಲ್ಲೊಂದು ತಪ್ಪು ಆಗಾಗ ಆಗುತ್ತದೆ. ಹಿಟ್ಟಿನ ಮಿಶ್ರಣ 1,000 ಗ್ರಾಂ ಇತ್ತು, ಆದ್ದರಿಂದ ಗ್ರಾಂಗೆ 4.03 ಎಂದು ಬರೆದಿಟ್ಟುಕೊಂಡು ಬೆಂದ ಹೋಳನ್ನು ತೂಗುತ್ತಾರೆ. ಒಲೆಯೊಳಗೆ ನೀರು ಆವಿಯಾಗಿ ಹೋಗುತ್ತದೆ, ಕ್ಯಾಲೊರಿ ಹೋಗುವುದಿಲ್ಲ. ಬೆಂದ ಕೇಕ್ 900 ಗ್ರಾಂ ತೂಗಿದರೆ ಗ್ರಾಂಗೆ ಸುಮಾರು 4.5 ಆಗುತ್ತದೆ. ಆದ್ದರಿಂದ ತಣಿದ ಮೇಲೆ ಇಡೀ ಕೇಕನ್ನು ಒಮ್ಮೆ ತೂಗಿ, ಆ ತೂಕದಿಂದಲೇ ಭಾಗಿಸಿ.

ಎಗ್‌ಲೆಸ್, ಗೋಧಿ ಹಿಟ್ಟಿನ ಅಥವಾ ಶುಗರ್‌ಫ್ರೀ ಕೇಕ್‌ನಲ್ಲಿ ಕ್ಯಾಲೊರಿ ಕಡಿಮೆಯೇ?

ಗೋಧಿ ಹಿಟ್ಟಿಗೂ ಮೈದಾಕ್ಕೂ ಕ್ಯಾಲೊರಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ; ನಾರಿನಂಶ ಹೆಚ್ಚು, ಅದು ಬೇರೆ ಲಾಭ. ಎಗ್‌ಲೆಸ್ ಕೇಕಿನಲ್ಲಿ ಮೊಟ್ಟೆಯ ಜಾಗಕ್ಕೆ ಮೊಸರು ಬಂದರೆ ಸ್ವಲ್ಪ ಇಳಿಯುತ್ತದೆ, ಕಂಡೆನ್ಸ್ಡ್ ಮಿಲ್ಕ್ ಬಂದರೆ ಏರುತ್ತದೆ. ಶುಗರ್‌ಫ್ರೀ ಎಂದಾಗ ಹೋದದ್ದು ಸಕ್ಕರೆ ಮಾತ್ರ, ಬೆಣ್ಣೆ ಮತ್ತು ಹಿಟ್ಟು ಅಲ್ಲಿಯೇ ಇವೆ. ಸಕ್ಕರೆಯ ಬದಲು ಮಾಲ್ಟಿಟಾಲ್ ಹಾಕಿದ್ದರೆ ಅದಕ್ಕೂ ಗ್ರಾಂಗೆ ಎರಡಕ್ಕಿಂತ ಸ್ವಲ್ಪ ಹೆಚ್ಚು ಕ್ಯಾಲೊರಿ ಇದೆ.

ಐಸ್‌ಕ್ರೀಂ ಸ್ಕೂಪ್ ಎಷ್ಟು ದೊಡ್ಡದು ಅಂತ ತಿಳಿಯುವುದು ಹೇಗೆ?

ಉಂಡೆಯ ಅಡ್ಡಳತೆ ನೋಡಿ. 4 ಸೆಂ.ಮೀ. ಉಂಡೆ 34 ಮಿ.ಲೀ., 5 ಸೆಂ.ಮೀ. ಉಂಡೆ 65, 6 ಸೆಂ.ಮೀ. ಉಂಡೆ 113. ಐದರಿಂದ ಆರಕ್ಕೆ ಹೋದಾಗ ಕಣ್ಣಿಗೆ ಒಂದಿಷ್ಟೇ ದೊಡ್ಡದಾಗಿ ಕಾಣುತ್ತದೆ, ಒಳಗಿರುವುದು ಮಾತ್ರ ಶೇ. 70ಕ್ಕೂ ಹೆಚ್ಚು. ಉದ್ದ, ಅಗಲ, ಎತ್ತರ ಮೂರೂ ಒಟ್ಟಿಗೆ ಬೆಳೆಯುವುದೇ ಕಾರಣ. ಅಡ್ಡಳತೆಯಲ್ಲಿ ಅರ್ಧ ಸೆಂಟಿಮೀಟರ್ ತಪ್ಪಿದರೂ ಲೆಕ್ಕ ಕಾಲುಭಾಗಕ್ಕಿಂತ ಹೆಚ್ಚು ಕೆಡುತ್ತದೆ, ಹಾಗಾಗಿ ಇಲ್ಲಿ ಕಣ್ಣಂದಾಜಿಗಿಂತ ಬೆರಳಿನ ಅಳತೆ ವಾಸಿ.

ಹಿಡಿ ಒತ್ತಿದರೆ ಒಳಗಿನ ಪಟ್ಟಿ ತಿರುಗಿ ಉಂಡೆ ಬೀಳಿಸುವ ಸ್ಕೂಪರ್‌ಗಳಲ್ಲಿ ಬಹಳಷ್ಟರ ಮೇಲೆ ಒಂದು ಸಂಖ್ಯೆ ಕೆತ್ತಿರುತ್ತದೆ. ಅದು ಒಂದು ಅಮೆರಿಕನ್ ಕ್ವಾರ್ಟ್, ಅಂದರೆ 946 ಮಿ.ಲೀ. ಐಸ್‌ಕ್ರೀಂನಿಂದ ಅಂಚಿಗೆ ಸಮನಾಗಿ ಎಷ್ಟು ಸ್ಕೂಪ್ ಬರುತ್ತವೆ ಎಂಬುದರ ಸಂಖ್ಯೆ. 16 ಎಂದಿದ್ದರೆ 59 ಮಿ.ಲೀ., 20 ಎಂದಿದ್ದರೆ 47 ಮಿ.ಲೀ. ಸಂಖ್ಯೆ ಹೆಚ್ಚಾದಷ್ಟೂ ಸ್ಕೂಪ್ ಚಿಕ್ಕದು. ಕೆಳಗೆ ಹೆಚ್ಚುವರಿ ಅಂಚು ಚಾಚಿಕೊಂಡಿದ್ದರೆ ಅದು ಈ ಲೆಕ್ಕದಲ್ಲಿ ಸೇರಿಲ್ಲ.

ಬಟ್ಟಲಿನಲ್ಲಿ ಕೂತದ್ದು ಪೂರ್ತಿ ಉಂಡೆಯೋ ಅರ್ಧ ಉಂಡೆಯೋ ಎಂಬುದನ್ನೂ ನೋಡಿ. ಮೇಲಿನಿಂದ ಎರಡೂ ಒಂದೇ ಥರ ಕಾಣುತ್ತವೆ.

ಒಂದೇ ಗಾತ್ರದ ಸ್ಕೂಪ್, ಆದರೆ ಬೇರೆ ಬೇರೆ ಐಸ್‌ಕ್ರೀಂ. ಎಷ್ಟು ವ್ಯತ್ಯಾಸ?

5.5 ಸೆಂ.ಮೀ. ಉಂಡೆಯನ್ನು ತೆಗೆದುಕೊಳ್ಳೋಣ, ಅಂದರೆ 87 ಮಿ.ಲೀ. ತಯಾರಿಸುವಾಗ ಮಿಶ್ರಣಕ್ಕೆ ಸೇರಿಸುವ ಗಾಳಿಗೆ ಓವರ್‌ರನ್ ಎನ್ನುತ್ತಾರೆ. ಶೇ. 100 ಓವರ್‌ರನ್ ಎಂದರೆ ಒಂದು ಲೀಟರ್ ಮಿಶ್ರಣ ಎರಡು ಲೀಟರ್ ಐಸ್‌ಕ್ರೀಂ ಆಗಿದೆ, ಡಬ್ಬಿಯಲ್ಲಿ ಅರ್ಧ ಗಾಳಿ. ಇಂಥ ಸಾಮಾನ್ಯ ವೆನಿಲಾದ ಒಂದು ಲೀಟರ್ 550 ಗ್ರಾಂ ಆಸುಪಾಸು ತೂಗುತ್ತದೆ. ಸ್ಕೂಪ್ ಮಾಡುವಾಗ ಒತ್ತಿ ಸ್ವಲ್ಪ ಗಾಳಿ ಹೋಗುತ್ತದೆ, ಆದ್ದರಿಂದ ಉಂಡೆಗೆ ಮಿ.ಲೀ.ಗೆ 0.6 ಗ್ರಾಂ ಹಿಡಿಯಬಹುದು. 52 ಗ್ರಾಂ, ಗ್ರಾಂಗೆ 2 ಕ್ಯಾಲೊರಿಯಂತೆ ಸುಮಾರು 105.

ಶೇ. 16ರಷ್ಟು ಕೊಬ್ಬಿರುವ, ಗಾಳಿ ಕಡಿಮೆಯಿರುವ ಗಟ್ಟಿ ಐಸ್‌ಕ್ರೀಂ ಆದರೆ ಅದೇ ಉಂಡೆ 74 ಗ್ರಾಂ ತೂಗುತ್ತದೆ, ಗ್ರಾಂಗೆ 2.5. ಒಟ್ಟು 185. ಗಮನಿಸಿ: ಗ್ರಾಂಗೆ ವ್ಯತ್ಯಾಸ ಕಾಲುಭಾಗ ಮಾತ್ರ, ಸ್ಕೂಪಿಗೆ ಬಂದಾಗ ಶೇ. 75. ಆ ಹೆಚ್ಚಿನ ಪಾಲು ಬಂದದ್ದು ಗಾಳಿ ಇಲ್ಲದ್ದರಿಂದ.

ಇದೇ ಕಾರಣಕ್ಕೆ ಹಣ್ಣಿನ ಸಾರ್ಬೆಟ್ ಅನೇಕರಿಗೆ ಅಚ್ಚರಿ ತರುತ್ತದೆ. ಅದರಲ್ಲಿ ಕೊಬ್ಬು ಇಲ್ಲವೇ ಇಲ್ಲ, ಗ್ರಾಂಗೆ 1.2 ಕ್ಯಾಲೊರಿ ಮಾತ್ರ. ಆದರೆ ಗಾಳಿಯೂ ಕಡಿಮೆ, ಉಂಡೆ 75 ಗ್ರಾಂ ದಾಟುತ್ತದೆ. ಲೆಕ್ಕ 90ರ ಸುತ್ತ ನಿಲ್ಲುತ್ತದೆ, ಅಂದರೆ ಗಾಳಿ ತುಂಬಿದ ಸಾಮಾನ್ಯ ವೆನಿಲಾಕ್ಕಿಂತ ಹದಿನೈದು ಕ್ಯಾಲೊರಿ ಕಡಿಮೆ, ಅಷ್ಟೇ. ಜೆಲಾಟೊ ಇವೆರಡರ ಮತ್ತು ಗಟ್ಟಿ ಐಸ್‌ಕ್ರೀಂನ ನಡುವೆ ಬರುತ್ತದೆ, ಉಂಡೆಗೆ ಸುಮಾರು 130.

ಗಾಳಿ ಎಷ್ಟಿದೆ ಅಂತ ನನಗೆ ಹೇಗೆ ಗೊತ್ತಾಗಬೇಕು?

ಡಬ್ಬಿಯ ಮೇಲೆ ಗಾತ್ರ ಮತ್ತು ತೂಕ ಎರಡೂ ಇದ್ದರೆ ತೂಕವನ್ನು ಗಾತ್ರದಿಂದ ಭಾಗಿಸಿ. 0.55ರ ಹತ್ತಿರ ಬಂದರೆ ಅರ್ಧ ಗಾಳಿ, 0.85ರ ಮೇಲೆ ಬಂದರೆ ಗಟ್ಟಿ ಸರಕು. ತೂಕ ಬರೆದಿಲ್ಲದಿದ್ದರೆ ಅಳತೆಯ ಲೋಟಕ್ಕೆ ಸಂದಿಯಿಲ್ಲದಂತೆ 100 ಮಿ.ಲೀ. ತುಂಬಿ ಕರಗಲು ಬಿಡಿ. ಪೂರ್ತಿ ಕರಗಿದ ಮೇಲೆ ಕಲಕಿ, ನೊರೆ ಇಳಿಯುವವರೆಗೆ ಕಾದು ಓದಿ. 50–55 ಮಿ.ಲೀ. ಉಳಿದರೆ ಗಾಳಿ ಹೆಚ್ಚು, 80 ಉಳಿದರೆ ಕಡಿಮೆ.

ಬೇಗ ಕರಗಿತು, ಆದ್ದರಿಂದ ಹಗುರ ಎಂದು ತೀರ್ಮಾನಿಸಬೇಡಿ. ಗಾಳಿಯ ಗುಳ್ಳೆಗಳು ಶಾಖವನ್ನು ತಡೆಯುತ್ತವೆ, ಹಾಗಾಗಿ ಗಾಳಿ ಹೆಚ್ಚಿರುವುದೇ ನಿಧಾನವಾಗಿ ಕರಗುವುದುಂಟು.

ಡಬ್ಬಿಯ ಮೇಲೆ 100ಕ್ಕೆ 200 ಕ್ಯಾಲೊರಿ ಎಂದಿದೆ. ನಾನು 100 ಮಿ.ಲೀ. ತಿಂದೆ. 200 ತಾನೇ?

ಅದು 100 ಗ್ರಾಂಗೋ 100 ಮಿ.ಲೀ.ಗೋ ನೋಡಿ. ಐಸ್‌ಕ್ರೀಂ ಮಾರುವುದು ಲೀಟರ್ ಲೆಕ್ಕದಲ್ಲಿ, ಪೋಷಕಾಂಶದ ಪಟ್ಟಿ ಹಲವು ಸಲ ಗ್ರಾಂ ಲೆಕ್ಕದಲ್ಲಿ. 100 ಗ್ರಾಂಗೆ 200 ಎಂದಿದ್ದು, ಒಂದು ಲೀಟರ್ 550 ಗ್ರಾಂ ತೂಗುವುದಾದರೆ, ನೀವು ತಿಂದ 100 ಮಿ.ಲೀ.ಯಲ್ಲಿ 110 ಕ್ಯಾಲೊರಿ ಇದೆ. ಇದೊಂದನ್ನು ನೋಡದೆ ಬರೆದುಕೊಂಡವರ ಲೆಕ್ಕ ಹೆಚ್ಚುಕಡಿಮೆ ಎರಡು ಪಟ್ಟು ತಪ್ಪಿರುತ್ತದೆ. ಅಷ್ಟು ದೊಡ್ಡ ತಪ್ಪು ಕಣ್ಣಂದಾಜಿನಲ್ಲೂ ಸುಲಭವಾಗಿ ಆಗುವುದಿಲ್ಲ.

ಯಂತ್ರದಿಂದ ಸುತ್ತಿ ಸುತ್ತಿ ಬೀಳುವ ಸಾಫ್ಟಿ ಎತ್ತರವಾಗಿರುತ್ತದೆ. ಅದರಲ್ಲಿ ತುಂಬ ಇರುತ್ತದೆಯೇ?

ಕಂಡಷ್ಟು ಇರುವುದಿಲ್ಲ. ತುದಿ ಚೂಪಾದ ಆಕಾರಕ್ಕೆ ಅದೇ ಎತ್ತರದ ಕಂಬದ ಮೂರನೇ ಒಂದು ಭಾಗ ಮಾತ್ರ ಹಿಡಿಸುತ್ತದೆ. ಬುಡ 6 ಸೆಂ.ಮೀ., ಎತ್ತರ 9 ಸೆಂ.ಮೀ. ಇದ್ದರೆ 85 ಮಿ.ಲೀ., ಅಂದರೆ ಮೇಲಿನ 5.5 ಸೆಂ.ಮೀ. ಉಂಡೆಯಷ್ಟೇ. ಕೋನ್‌ನ ಒಳಗೂ ತುಂಬಿದ್ದಾರೆಯೇ ಎಂಬುದನ್ನು ಮಾತ್ರ ಬೇರೆ ನೋಡಬೇಕು.

ಕೋನ್ ಬಗ್ಗೆಯೂ ಹೇಳಿಬಿಡುತ್ತೇವೆ. ತೆಳು ಬಿಸ್ಕತ್ತಿನಂಥ ಹಗುರ ಕೋನ್‌ಗೆ ಸುಮಾರು 20, ಕರುಕುರು ಸಕ್ಕರೆ ಕೋನ್‌ಗೆ 40, ದೊಡ್ಡ ವಾಫಲ್ ಕೋನ್‌ಗೆ 120. ಸಾಮಾನ್ಯ ವೆನಿಲಾ ಸ್ಕೂಪನ್ನು ವಾಫಲ್ ಕೋನ್‌ನಲ್ಲಿ ತಿಂದರೆ ಕೋನ್‌ನ ಪಾಲೇ ಹೆಚ್ಚು. ಒಂದು ಟೇಬಲ್ ಚಮಚ ಚಾಕೊಲೇಟ್ ಸಿರಪ್‌ಗೆ 50, ಹತ್ತು ಗ್ರಾಂ ಬಾದಾಮಿ ಅಥವಾ ಗೋಡಂಬಿ ಚೂರಿಗೆ 60 ಸೇರಿಸಿ.

ಇಷ್ಟೆಲ್ಲ ಮಾಡಿದರೂ ಅಂದಾಜು ಎಷ್ಟು ತಪ್ಪಬಹುದು?

ಅಳತೆ ಸರಿಯಾಗಿದ್ದು ಬಗೆಯನ್ನೂ ಸರಿಯಾಗಿ ಗುರುತಿಸಿದರೆ ಶೇ. 20–25ರ ಒಳಗೆ ಇರುತ್ತೀರಿ ಎಂದು ಇಟ್ಟುಕೊಳ್ಳಿ. 240 ಎಂದು ಬಂದದ್ದನ್ನು 190ರಿಂದ 300 ಎಂದು ಓದಿ. ಬಟರ್‌ಕ್ರೀಂ ಅನ್ನು ವಿಪ್ ಮಾಡಿದ ಕ್ರೀಂ ಎಂದು ಭಾವಿಸಿದರೆ ಈ ಮಿತಿ ಉಳಿಯುವುದಿಲ್ಲ, ಅಲ್ಲೇ 200 ಕ್ಯಾಲೊರಿ ತಪ್ಪುತ್ತದೆ. ಆದ್ದರಿಂದ ಸಮಯವಿದ್ದರೆ ಅಳತೆಯನ್ನು ಇನ್ನಷ್ಟು ನಿಖರ ಮಾಡುವುದಕ್ಕಿಂತ ಕ್ರೀಂ ಯಾವುದು ಎಂದು ಕೇಳಿ ತಿಳಿಯುವುದು ಉತ್ತಮ.

ಮಧುಮೇಹಕ್ಕೆ ಇನ್ಸುಲಿನ್ ಪ್ರಮಾಣ ನಿರ್ಧರಿಸುವವರು ಈ ಲೆಕ್ಕವನ್ನು ಬಳಸಬಾರದು. ಅವರಿಗೆ ಬೇಕಾದದ್ದು ಕಾರ್ಬೊಹೈಡ್ರೇಟ್‌ನ ಗ್ರಾಂ. ಮೇಲಿನ 240ರ ಪೀಸಿನ ಕ್ಯಾಲೊರಿಯಲ್ಲಿ ದೊಡ್ಡ ಪಾಲು ಕ್ರೀಂನ ಕೊಬ್ಬಿನದು, ಸಾರ್ಬೆಟ್‌ನ 90ರಲ್ಲಿ ಬಹುಪಾಲು ಸಕ್ಕರೆಯದು. ಕ್ಯಾಲೊರಿಯಿಂದ ಸಕ್ಕರೆಯನ್ನು ಊಹಿಸಲು ದಾರಿಯಿಲ್ಲ.